ಮನೆಪಾಠದ ಸಮಯ ಬದಲಾಯಿಸಲು ಕೇಳುವ ಮೆಸೇಜ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನಲ್ಲಿ ಮಕ್ಕಳ ಮನೆಗೇ ಹೋಗಿ ಹೈಸ್ಕೂಲ್ ಗಣಿತ ಹೇಳಿಕೊಡುವವನು. ಕ್ಲಾಸ್ ಬದಲಾಯಿಸಿಕೊಳ್ಳುವುದು ತಪ್ಪೇನಲ್ಲ. ಮಕ್ಕಳಿರುವ ಮನೆಯಲ್ಲಿ ಮದುವೆ, ಜ್ವರ, ಶಾಲೆಯ ಕಾರ್ಯಕ್ರಮ ಇದ್ದದ್ದೇ. ಆದರೆ ಹೊಸ ಸಮಯ ಗೊತ್ತಾಗುವಷ್ಟರಲ್ಲಿ ಏಳೆಂಟು ಮೆಸೇಜ್ ಹಿಂದೆ ಮುಂದೆ ಓಡಾಡುತ್ತವೆ. ಕೆಲವೊಮ್ಮೆ ಇಬ್ಬರೂ ಬೇರೆ ಬೇರೆ ದಿನ ಎಂದುಕೊಂಡೇ ಮಾತು ಮುಗಿಸಿರುತ್ತೇವೆ. ಈ ಬಗ್ಗೆ ಪೋಷಕರು ನನ್ನನ್ನು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಉತ್ತರಗಳ ಹಿಂದಿರುವ ಅಳತೆಗೋಲು ಒಂದೇ: ಟೀಚರ್ ಒಂದೇ ಪದದಲ್ಲಿ ಉತ್ತರ ಕೊಡುವಂತಿರಬೇಕು, ಆ ಪದಕ್ಕೆ ಎರಡು ಅರ್ಥ ಬರಬಾರದು.

ಮೆಸೇಜ್ ನೋಡಿದರೂ ಟೀಚರ್ ತಕ್ಷಣ ಉತ್ತರ ಕೊಡುವುದಿಲ್ಲ, ಯಾಕೆ?

ಮನೆಪಾಠದವರ ಸಂಜೆ ಹೇಗಿರುತ್ತದೆ ಎಂದು ನೋಡಿದರೆ ಇದು ಅರ್ಥವಾಗುತ್ತದೆ. ಕುವೆಂಪುನಗರದ ಒಂದು ಮನೆಯಲ್ಲಿ 5ರಿಂದ 6 ಪಾಠ. ಅಲ್ಲಿಂದ ಸ್ಕೂಟರಿನಲ್ಲಿ ವಿಜಯನಗರಕ್ಕೆ ಹೋಗಲು ಇಪ್ಪತ್ತು ನಿಮಿಷ. ಅಲ್ಲಿ 6.30ರಿಂದ 7.30. ಆಮೇಲೆ ಮನೆ ದಾರಿಯಲ್ಲಿ ಇನ್ನೊಂದು ಕ್ಲಾಸ್. ಒಂದು ಮನೆಯ ಸಮಯ ಅರ್ಧ ಗಂಟೆ ಸರಿದರೆ ಅದರ ಹಿಂದಿನದೂ ಮುಂದಿನದೂ ಅಲುಗುತ್ತವೆ. ಹಾಗಾಗಿ "ಗುರುವಾರ ಅಥವಾ ವೀಕೆಂಡ್ ಯಾವಾಗಾದರೂ" ಎಂಬ ಮೆಸೇಜ್ ಬಂದಾಗ ನಮಗೆ ಕಾಣುವುದು ಒಂದು ಪ್ರಶ್ನೆಯಲ್ಲ, ಮೂರು ದಿನದ ಲೆಕ್ಕ. ಎರಡು ಮನೆಗಳ ನಡುವೆ ಸಿಗ್ನಲ್‌ನಲ್ಲಿ ನಿಂತಾಗ ಆ ಲೆಕ್ಕ ಹಾಕಲು ಆಗುವುದಿಲ್ಲ. ರಾತ್ರಿ ಕೂತು ನೋಡೋಣ ಎಂದುಕೊಳ್ಳುತ್ತೇವೆ. ರಾತ್ರಿಯ ಹೊತ್ತಿಗೆ ಅದರ ಮೇಲೆ ಹತ್ತು ಬೇರೆ ಮೆಸೇಜ್ ಬಂದು ಕೂತಿರುತ್ತವೆ.

ಅದೇ "ಶನಿವಾರ ಸಂಜೆ 4ರಿಂದ 5 ಆಗುತ್ತದೆಯೇ?" ಎಂದು ಕೇಳಿದ್ದರೆ ನೆನಪಿನಲ್ಲಿ ಒಂದೇ ಜಾಗ ನೋಡಿ ಹೌದು ಅಥವಾ ಇಲ್ಲ ಎನ್ನಬಹುದು. ಮೆಸೇಜ್ ಉದ್ದವೋ ಗಿಡ್ಡವೋ ಎನ್ನುವುದಕ್ಕಿಂತ ಲೆಕ್ಕವನ್ನು ಯಾರ ತಲೆಗೆ ಹಾಕಿದ್ದೀರಿ ಎನ್ನುವುದು ಮುಖ್ಯ.

ಒಂದು ಮೆಸೇಜ್ ತೆಗೆದುಕೊಂಡು ತಿದ್ದಿ ತೋರಿಸುತ್ತೀರಾ?

ತೋರಿಸುತ್ತೇನೆ. ಹೆಸರು, ಸಂದರ್ಭ ನಾನೇ ಕಟ್ಟಿದ್ದು. ಆದರೆ ಮೆಸೇಜಿನ ಧಾಟಿ ನನಗೆ ಬರುವಂಥದ್ದೇ. ಸಿಂಚನಾ ಎಂಬ ಹುಡುಗಿ ಹತ್ತನೇ ಕ್ಲಾಸು. ಸೋಮವಾರ ಮತ್ತು ಬುಧವಾರ ಸಂಜೆ 6ರಿಂದ 7 ಗಣಿತ ಪಾಠ. 2025ರ ನವೆಂಬರ್ 11, ಮಂಗಳವಾರ ರಾತ್ರಿ ಹತ್ತೂಮುಕ್ಕಾಲಿಗೆ ಅವರಮ್ಮ ಹೀಗೆ ಕಳಿಸುತ್ತಾರೆ ಎಂದುಕೊಳ್ಳಿ:

"ನಮಸ್ತೆ ಸರ್, ಹೇಗಿದೀರಾ? ತೊಂದರೆ ಕೊಡ್ತಿದೀನಿ, ಸಾರಿ ಸರ್. ನಮ್ಮ ಯಜಮಾನರ ಅಕ್ಕನ ಮಗಳ ರಿಸೆಪ್ಷನ್ ಇದೆ ತುಮಕೂರಲ್ಲಿ, ಹೋಗ್ಲೇಬೇಕು, ಮಧ್ಯಾಹ್ನಾನೇ ಹೊರಡ್ತೀವಿ. ಅದಕ್ಕೆ ನಾಳೆ ಕ್ಲಾಸ್ ಆಗಲ್ಲ ಅನ್ಸುತ್ತೆ. ಸ್ವಲ್ಪ ಮುಂದಕ್ಕೆ ಹಾಕೋಕಾಗುತ್ತಾ? ಗುರುವಾರ ಅಥವಾ ವೀಕೆಂಡ್ ಯಾವಾಗಾದ್ರೂ ಪರವಾಗಿಲ್ಲ. ಗುರುವಾರ ಅವಳಿಗೆ ಡ್ಯಾನ್ಸ್ ಕ್ಲಾಸ್ ಇರುತ್ತೆ, ಲೇಟಾಗಿ ಆದ್ರೆ ಓಕೆ. ಇಲ್ಲಾಂದ್ರೆ ಬೆಳಿಗ್ಗೆ ಆರಕ್ಕೆ? ನಿಮಗೆ ಹೇಗೆ ಅನುಕೂಲಾನೋ ಹಾಗೆ ಸರ್. ಸೋಮವಾರ ಟೆಸ್ಟ್ ಬೇರೆ ಇದೆ. ಪ್ಲೀಸ್ ತಿಳಿಸಿ."

ಇದರಲ್ಲಿ ಮರ್ಯಾದೆಗೆ ಏನೂ ಕೊರತೆಯಿಲ್ಲ. ಆದರೆ ಟೀಚರ್ ಇದನ್ನು ಬುಧವಾರ ಬೆಳಿಗ್ಗೆ ಎದ್ದು ಓದುತ್ತಾರೆ. ಆಗ "ನಾಳೆ" ಎಂದರೆ ಗುರುವಾರ ಎಂದು ಒಂದು ಗಳಿಗೆ ಅನ್ನಿಸುತ್ತದೆ. "ಆಗಲ್ಲ ಅನ್ಸುತ್ತೆ" ಎಂದಿರುವುದರಿಂದ ಬುಧವಾರದ ಕ್ಲಾಸ್ ನಿಜವಾಗಿಯೂ ಇಲ್ಲವೋ, ಹೊಸ ಸಮಯ ಸಿಗದಿದ್ದರೆ ಇದೆಯೋ ತಿಳಿಯುವುದಿಲ್ಲ. "ಬೆಳಿಗ್ಗೆ ಆರಕ್ಕೆ" ಎಂದಿದ್ದಾರೆ, ಯಾವ ದಿನದ ಬೆಳಿಗ್ಗೆ? "ಲೇಟಾಗಿ" ಎಂದರೆ ಏಳೂವರೆಯೋ ಎಂಟೂವರೆಯೋ? ಎಲ್ಲಕ್ಕಿಂತ ಮುಖ್ಯವಾದ ಸಂಗತಿ, ಅಂದರೆ ಸೋಮವಾರದ ಟೆಸ್ಟ್, ಕೊನೆಯಲ್ಲಿ ಸುಮ್ಮನೆ ಬಿದ್ದಿದೆ. ಟೆಸ್ಟಿಗೆ ಮೊದಲು ಒಂದು ಕ್ಲಾಸ್ ಆಗಲೇಬೇಕು ಎಂದೋ, ಟೆಸ್ಟ್ ಇರುವುದರಿಂದ ಈ ವಾರ ಕ್ಲಾಸ್ ಬೇಡ ಎಂದೋ ಸ್ಪಷ್ಟವಿಲ್ಲ.

ತಿದ್ದುವಾಗ ಮೊದಲು ವಾಕ್ಯಕ್ಕೆ ಕೈ ಹಾಕಬೇಡಿ. ಮನೆಯಲ್ಲೇ ತೀರ್ಮಾನಿಸಬಹುದಾದದ್ದನ್ನು ಮೊದಲು ತೀರ್ಮಾನಿಸಿಕೊಳ್ಳಿ. ತಪ್ಪುತ್ತಿರುವುದು ಯಾವ ಕ್ಲಾಸ್? ನವೆಂಬರ್ 12, ಬುಧವಾರ ಸಂಜೆ 6ರದ್ದು. ಖಚಿತವಾಗಿ ತಪ್ಪುತ್ತಿದೆಯೇ? ಹೌದು, ಮಧ್ಯಾಹ್ನವೇ ಹೊರಡುತ್ತಾರೆ. ಬದಲಿ ಕ್ಲಾಸ್ ಯಾವತ್ತಿನೊಳಗೆ ಆಗಬೇಕು? 17ನೇ ತಾರೀಖು ಸೋಮವಾರದ ಟೆಸ್ಟಿಗೆ ಮುಂಚೆ.

ಈಗ ಉಳಿದ ದಿನಗಳನ್ನು ಒಂದೊಂದಾಗಿ ನೋಡೋಣ. ಗುರುವಾರ 13: ತುಮಕೂರಿನಿಂದ ರಾತ್ರಿ ತಡವಾಗಿ ಬಂದಿರುತ್ತಾರೆ, ಬೆಳಿಗ್ಗೆ ಶಾಲೆ, ಸಂಜೆ ಡ್ಯಾನ್ಸ್. ಅಷ್ಟಾದ ಮೇಲೆ ಗಣಿತಕ್ಕೆ ಕೂತ ಹುಡುಗಿಗೆ ಏನೂ ಹತ್ತುವುದಿಲ್ಲ. ಆದ್ದರಿಂದ ಗುರುವಾರ ಬೇಡ. ಶುಕ್ರವಾರ 14: ಮಕ್ಕಳ ದಿನಾಚರಣೆ. ಶಾಲೆಯ ಕಾರ್ಯಕ್ರಮ ಮುಗಿಯುವುದು ತಡವಾಗಬಹುದು, ಆದರೆ ಏಳು ಗಂಟೆಗೆ ಮನೆಯಲ್ಲಿರುತ್ತಾಳೆ. ಮೊದಲ ಮೆಸೇಜಿನಲ್ಲಿ ಶುಕ್ರವಾರದ ಹೆಸರೇ ಇರಲಿಲ್ಲ ನೋಡಿ. ಶನಿವಾರ 15: ಅರ್ಧ ದಿನ ಶಾಲೆ, ಮಧ್ಯಾಹ್ನ ಊಟ, ನಿದ್ದೆ ಆದ ಮೇಲೆ ನಾಲ್ಕಕ್ಕೆ ಆರಾಮಾಗಿ ಕೂರಬಹುದು. ಭಾನುವಾರ 16: ಬಿಡುವಿದೆ. ಆದರೆ ಅವತ್ತು ಹೇಳಿಕೊಟ್ಟದ್ದನ್ನು ಟೆಸ್ಟಿಗೆ ಮೊದಲು ತಾನಾಗಿ ಮಾಡಿ ನೋಡಲು ಸಮಯ ಸಾಲದು. ಭಾನುವಾರ ಟೀಚರ್‌ಗೂ ಮನೆ ಮಂದಿಯ ಜೊತೆ ಕಳೆಯುವ ದಿನ. ಉಳಿದದ್ದು ಶುಕ್ರವಾರ 7, ಶನಿವಾರ 4.

ಆಮೇಲೆ ಬರೆದ ಮೆಸೇಜ್ ಇದು:

"ನಮಸ್ತೆ ಸರ್, ಸಿಂಚನಾ ಅಮ್ಮ, ಹತ್ತನೇ ಕ್ಲಾಸ್ ಗಣಿತ.
ನವೆಂಬರ್ 12 ಬುಧವಾರ ಸಂಜೆ 6ರ ಕ್ಲಾಸಿಗೆ ಅವಳು ಇರುವುದಿಲ್ಲ, ಮದುವೆ ರಿಸೆಪ್ಷನ್‌ಗೆ ಊರಿಗೆ ಹೋಗುತ್ತಿದ್ದೇವೆ. ದಯವಿಟ್ಟು ಅವತ್ತು ಬರಬೇಡಿ ಸರ್.
17 ಸೋಮವಾರ ತ್ರಿಕೋನಮಿತಿ ಟೆಸ್ಟ್ ಇದೆ. ಅದಕ್ಕೆ ಮೊದಲು ಬದಲಿ ಕ್ಲಾಸ್ ಆದರೆ ಉಪಕಾರವಾಗುತ್ತದೆ. ಇವೆರಡರಲ್ಲಿ ಒಂದು ಆಗುತ್ತದೆಯೇ?
1. ನವೆಂಬರ್ 14 ಶುಕ್ರವಾರ ಸಂಜೆ 7ರಿಂದ 8
2. ನವೆಂಬರ್ 15 ಶನಿವಾರ ಸಂಜೆ 4ರಿಂದ 5
ನಮ್ಮ ಮನೆಯಲ್ಲೇ. 1 ಅಥವಾ 2 ಎಂದು ಹಾಕಿದರೆ ಸಾಕು ಸರ್. ಗುರುವಾರ ರಾತ್ರಿಯೊಳಗೆ ತಿಳಿಸಿದರೆ ಆಯಿತು."

ಟೀಚರ್ "2" ಎಂದು ಹಾಕುತ್ತಾರೆ. ಅಷ್ಟಕ್ಕೇ ಬಿಡಬೇಡಿ. ಇನ್ನೊಂದು ಸಾಲು ನಿಮ್ಮ ಕಡೆಯಿಂದ ಹೋಗಲಿ: "ಸರಿ ಸರ್, ನವೆಂಬರ್ 15 ಶನಿವಾರ ಸಂಜೆ 4ರಿಂದ 5. 17 ಸೋಮವಾರದಿಂದ ಎಂದಿನಂತೆ 6ಕ್ಕೆ." ಶುಕ್ರವಾರ ರಾತ್ರಿ ಟೀಚರ್ ಮರುದಿನದ ಪಾಠಗಳನ್ನು ನೋಡಿಕೊಳ್ಳುವಾಗ ಕಣ್ಣಿಗೆ ಬೀಳಬೇಕಾದದ್ದು ಈ ಸಾಲು. ಬರೀ "2" ಎನ್ನುವುದಕ್ಕೆ ಮೇಲಿನ ಮೆಸೇಜ್ ಹುಡುಕಬೇಕು, ಈ ಸಾಲಿಗೆ ಬೇಕಿಲ್ಲ.

"ನಿಮಗೆ ಅನುಕೂಲವಾದಾಗ ಬನ್ನಿ" ಎನ್ನುವುದೇ ಗೌರವವಲ್ಲವೇ? ನಾವೇ ಸಮಯ ಹೇಳಿದರೆ ಆಜ್ಞೆ ಮಾಡಿದಂತಾಗುವುದಿಲ್ಲವೇ?

ಈ ಸಂಕೋಚ ಬಹಳ ಜನರಿಗಿದೆ, ನನಗೆ ಅದರ ಬಗ್ಗೆ ಗೌರವವೂ ಇದೆ. ಮೇಷ್ಟ್ರಿಗೆ ಇಂಥ ಹೊತ್ತಿಗೆ ಬನ್ನಿ ಎನ್ನಲು ಹಿರಿಯರ ಬಾಯಿ ಏಳುವುದಿಲ್ಲ. ಆದರೆ ನಡೆಯುವುದೇನು? "ಅನುಕೂಲವಾದಾಗ" ಎಂದದ್ದನ್ನು ನಂಬಿ ಟೀಚರ್ "ಗುರುವಾರ 5ಕ್ಕೆ ಬರಲೇ?" ಎನ್ನುತ್ತಾರೆ. "ಅಯ್ಯೋ, ಗುರುವಾರ ಡ್ಯಾನ್ಸ್ ಇದೆ ಸರ್" ಎಂಬ ಉತ್ತರ ಬರುತ್ತದೆ. "ಶುಕ್ರವಾರ 6?" "ಅವತ್ತು ಶಾಲೆಯಲ್ಲಿ ಕಾರ್ಯಕ್ರಮ." ಎರಡು ಸಲ ಇಲ್ಲ ಎನ್ನಿಸಿಕೊಂಡ ಮೇಲೆ ಮೂರನೆಯದನ್ನು ಹೇಳಲು ಟೀಚರ್‌ಗೂ ಮುಜುಗರ. ನಿಮ್ಮ ಮನೆಯ ಅಡಚಣೆಗಳು ನಿಮಗೆ ಮಾತ್ರ ಗೊತ್ತು, ಅವುಗಳನ್ನು ಸೋಸಿ ಉಳಿದದ್ದನ್ನು ಮುಂದಿಡುವ ಕೆಲಸವೂ ನಿಮ್ಮದೇ.

ಮರ್ಯಾದೆ ಉಳಿಯುವುದು ಪ್ರಶ್ನೆ ಕೇಳುವ ರೀತಿಯಲ್ಲಿ. "ಶನಿವಾರ 4ಕ್ಕೆ ಬನ್ನಿ" ಎನ್ನಬೇಡಿ, "ಶನಿವಾರ 4ಕ್ಕೆ ಆಗುತ್ತದೆಯೇ ಸರ್?" ಎನ್ನಿ. ಎರಡೂ ಆಗದಿದ್ದರೆ ನಿಮಗೆ ಆಗುವ ಒಂದು ಸಮಯ ಹೇಳಿ ಎಂಬ ಸಾಲು ಸೇರಿಸಿದರೆ ಬಾಗಿಲು ತೆರೆದೇ ಇರುತ್ತದೆ.

ಎಷ್ಟು ಆಯ್ಕೆ ಎಂದರೆ, ಎರಡು. ಒಂದೇ ಕೊಟ್ಟರೆ ಅದು ಆಗದಿದ್ದಾಗ ಮಾತು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನಾಲ್ಕು ಕೊಟ್ಟರೆ ಮತ್ತೆ ಟೀಚರ್ ಲೆಕ್ಕಕ್ಕೆ ಕೂರಬೇಕು. ಅಷ್ಟೇ ಅಲ್ಲ, ಉತ್ತರ ಬರುವ ತನಕ ಆ ನಾಲ್ಕೂ ಹೊತ್ತನ್ನು ನೀವು ಖಾಲಿ ಇಟ್ಟುಕೊಂಡಿರಬೇಕು. ಎರಡೂ ಆಯ್ಕೆ ಒಂದೇ ದಿನದ್ದಾಗಿರದಿದ್ದರೆ ಒಳ್ಳೆಯದು. ಟೀಚರ್ ಆ ದಿನ ಊರಲ್ಲೇ ಇಲ್ಲದಿದ್ದರೆ ಎರಡೂ ಒಟ್ಟಿಗೆ ಹೋಗುತ್ತವೆ.

ದಿನ, ತಾರೀಖು ಎರಡನ್ನೂ ಬರೆಯಬೇಕೇ? "ನಾಳೆ" ಎಂದರೆ ಸಾಲದೇ?

ಎರಡನ್ನೂ ಬರೆಯಿರಿ. ಒಂದು ತಪ್ಪಾದರೆ ಇನ್ನೊಂದು ಹಿಡಿದುಕೊಡುತ್ತದೆ. "ನವೆಂಬರ್ 15 ಶುಕ್ರವಾರ" ಎಂದು ಬಂದರೆ ಟೀಚರ್ ಕ್ಯಾಲೆಂಡರ್ ನೋಡಿ, "15 ಶನಿವಾರ ಅಲ್ಲವೇ?" ಎಂದು ಕೇಳುತ್ತಾರೆ. ಬರೀ "15" ಎಂದೋ ಬರೀ "ಶುಕ್ರವಾರ" ಎಂದೋ ಇದ್ದರೆ ಆ ತಪ್ಪು ಮನೆ ಬಾಗಿಲಿಗೆ ಬಂದು ಬೆಲ್ ಒತ್ತಿದಾಗಲೇ ಗೊತ್ತಾಗುವುದು.

"ನಾಳೆ", "ನಾಳಿದ್ದು", "ಇವತ್ತು" ಎದುರೆದುರು ಮಾತಾಡುವಾಗ ಸರಿ. ಮೆಸೇಜನ್ನು ಓದುವ ಹೊತ್ತು ಬರೆದ ಹೊತ್ತಲ್ಲ, ಅದೇ ತೊಡಕು. ರಾತ್ರಿ ಹತ್ತರ ಮೇಲೆ ಕಳಿಸಿದ "ನಾಳೆ"ಯನ್ನು ಅರ್ಧದಷ್ಟು ಜನ ಮರುದಿನವೇ ಓದುವುದು ಎಂದುಕೊಂಡು ಬರೆದರೆ ಕ್ಷೇಮ. "ಮುಂದಿನ ಶನಿವಾರ" ಇನ್ನೂ ಗೋಜಲು. ಸೋಮವಾರ ಆ ಮಾತು ಹೇಳಿದರೆ ಕೆಲವರಿಗೆ ಅದು ಇದೇ ವಾರದ ಶನಿವಾರ, ಕೆಲವರಿಗೆ ಬರುವ ವಾರದ್ದು.

ಗಂಟೆಯ ವಿಷಯದಲ್ಲಿ ನನ್ನನ್ನು ಬಹಳ ಕಾಡಿದ್ದು "6-7" ಎಂದು ಬರೆಯುವ ಅಭ್ಯಾಸ. ಬರೆದವರ ಮನಸ್ಸಿನಲ್ಲಿ ಆರರಿಂದ ಏಳು ಗಂಟೆಯ ಕ್ಲಾಸ್ ಇರುತ್ತದೆ. ಓದಿದವರು ಅದನ್ನು ಆರೇಳು ಗಂಟೆಯ ಹೊತ್ತಿಗೆ, ಅಂದರೆ ನಡುವೆ ಯಾವಾಗಲಾದರೂ ಬಂದರೆ ಆಯಿತು ಎಂದು ತಿಳಿಯಬಹುದು. "6ರಿಂದ 7" ಎಂದು ಬರೆದರೆ ಆ ಸಂಶಯವಿಲ್ಲ. ಬೆಳಿಗ್ಗೆ ಅಥವಾ ಸಂಜೆ ಎನ್ನುವುದನ್ನೂ ಬಿಡಬೇಡಿ. ಪರೀಕ್ಷೆಯ ದಿನಗಳಲ್ಲಿ ಬೆಳಿಗ್ಗೆ ಆರಕ್ಕೆ ಪಾಠ ನಡೆಸುವ ಮನೆಗಳು ಬೇಕಾದಷ್ಟಿವೆ.

"ಮುಂದಕ್ಕೆ ಹಾಕಿ" ಎನ್ನುವುದನ್ನೂ ಬಿಟ್ಟುಬಿಡುವುದು ಒಳ್ಳೆಯದು. ದಿನದ ಬಗ್ಗೆ ಹೇಳಿದಾಗ ಎಲ್ಲರಿಗೂ ಅದು ಆಮೇಲಿನ ದಿನವೇ. ಆದರೆ "ಕ್ಲಾಸನ್ನು ಅರ್ಧ ಗಂಟೆ ಮುಂದೆ ಮಾಡಿಕೊಳ್ಳೋಣ" ಎಂದಾಗ 6ರದ್ದು 5.30 ಆಗುತ್ತದೆಯೋ 6.30 ಆಗುತ್ತದೆಯೋ, ಕೇಳಿದವರು ಎರಡೂ ರೀತಿ ತಿಳಿದದ್ದನ್ನು ಕಂಡಿದ್ದೇನೆ. "6ರ ಬದಲು 6.30ಕ್ಕೆ" ಎಂದರೆ ತೀರಿತು.

ಕಾರಣವನ್ನು ಎಷ್ಟು ವಿವರಿಸಬೇಕು?

ಅರ್ಧ ಸಾಲು ಸಾಕು. ಊರಿಗೆ ಹೋಗುತ್ತಿದ್ದೇವೆ, ಮಗುವಿಗೆ ಜ್ವರ, ಶಾಲೆಯಲ್ಲಿ ಕಾರ್ಯಕ್ರಮ. ಯಾರ ಮದುವೆ, ಎಷ್ಟು ಹತ್ತಿರದ ನೆಂಟರು, ಹೋಗದಿದ್ದರೆ ಏನಂದುಕೊಳ್ಳುತ್ತಾರೆ ಎಂಬುದೆಲ್ಲ ಬೇಡ. ನೀವು ನೆಪ ಹೇಳುತ್ತಿದ್ದೀರಿ ಎಂದು ಯಾವ ಟೀಚರೂ ಅಂದುಕೊಳ್ಳುವುದಿಲ್ಲ. ಉದ್ದದ ಕಾರಣದ ನಡುವೆ ತಾರೀಖು ಮುಳುಗಿಹೋಗುತ್ತದೆ.

ಒಂದು ಸಂದರ್ಭದಲ್ಲಿ ಮಾತ್ರ ಕಾರಣವನ್ನು ಸರಿಯಾಗಿಯೇ ಹೇಳಿ, ಅದು ಟೀಚರ್‌ನ ತೀರ್ಮಾನವನ್ನು ಬದಲಿಸುವಂತಿದ್ದರೆ. ಮನೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಎದ್ದಿದೆ, ಮದ್ರಾಸ್ ಕಣ್ಣು ಬಂದಿದೆ ಎಂದರೆ ಟೀಚರ್ ಅಲ್ಲಿಂದ ಇನ್ನೊಂದು ಮಗುವಿನ ಮನೆಗೆ ಹೋಗುವವರು. ಬದಲಿ ಕ್ಲಾಸನ್ನು ಎಷ್ಟು ದಿನ ಬಿಟ್ಟು ಇಟ್ಟುಕೊಳ್ಳಬೇಕೆಂದು ಅವರೂ ಯೋಚಿಸಬೇಕು. ಟೆಸ್ಟಿನ ವಿಷಯವೂ ಹಾಗೆಯೇ. ಯಾವ ಪಾಠದ ಟೆಸ್ಟ್ ಎಂದು ತಿಳಿದರೆ ಆ ಒಂದು ಗಂಟೆಗೆ ಏನು ತಯಾರಿ ಮಾಡಿಕೊಂಡು ಬರಬೇಕೆಂದು ಗೊತ್ತಾಗುತ್ತದೆ.

ಟೀಚರ್ "ಸರಿ" ಎಂದು ಹಾಕಿದರು, ಹೆಬ್ಬೆರಳು ತೋರಿಸಿದರು. ಖಚಿತವಾಯಿತು ಎಂದುಕೊಳ್ಳಬಹುದೇ?

ನೀವು ಕೇಳಿದ್ದು ಒಂದೇ ಸಮಯವಾಗಿದ್ದರೆ ಹೌದು. ಎರಡು ಆಯ್ಕೆ ಕೊಟ್ಟು "ಸರಿ" ಬಂದರೆ ಅದು ಒಪ್ಪಿಗೆಯಲ್ಲ. ಓದಿದ್ದೇನೆ ಎಂದೂ ಆಗಬಹುದು, ಬುಧವಾರ ಬರುವುದಿಲ್ಲ ಎಂದೂ ಆಗಬಹುದು. ಅದಕ್ಕೇ "1 ಅಥವಾ 2 ಎಂದು ಹಾಕಿದರೆ ಸಾಕು" ಎಂಬ ಸಾಲು ಬೇಕು. ಹಾಗೆ ಬರೆದರೂ "ಸರಿ" ಎಂದೇ ಬಂದರೆ ಬೇಸರಿಸದೆ ಒಂದನ್ನು ಎತ್ತಿ ಕೇಳಿ: "ಹಾಗಾದರೆ ಶನಿವಾರ 15, ಸಂಜೆ 4 ಎಂದುಕೊಳ್ಳಲೇ ಸರ್?" ಈಗ ಬರುವ "ಸರಿ"ಗೆ ಒಂದೇ ಅರ್ಥ.

ವಾಟ್ಸಾಪಿನ ನೀಲಿ ಗುರುತು ಓದಿದ್ದಕ್ಕೆ ಮಾತ್ರ ಸಾಕ್ಷಿ. ಇನ್ನೊಂದು ವಿಷಯ, ಕಳಿಸಿದ ಮೆಸೇಜನ್ನು 15 ನಿಮಿಷದೊಳಗೆ ತಿದ್ದಲು ವಾಟ್ಸಾಪ್ ಬಿಡುತ್ತದೆ. ಅಕ್ಷರ ತಪ್ಪಿದ್ದರೆ ತಿದ್ದಿ. ಸಮಯವನ್ನು ಮಾತ್ರ ಹಾಗೆ ತಿದ್ದಬೇಡಿ. ಟೀಚರ್ ಆಗಲೇ ಮೇಲೆ ಬಂದ ಸೂಚನೆಯಲ್ಲಿ ಹಳೆಯದನ್ನು ಓದಿ, ಹಾಗೇ ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಮನೆಗೆ ಹೊರಟಿರಬಹುದು. "ಮೇಲಿನದು ತಪ್ಪಾಗಿದೆ, 4 ಅಲ್ಲ 5ಕ್ಕೆ" ಎಂದು ಹೊಸದಾಗಿ ಕಳಿಸಿದರೆ ಅದು ಕಣ್ಣಿಗೆ ಬಿದ್ದೇ ಬೀಳುತ್ತದೆ.

ಉತ್ತರವೇ ಬರದಿದ್ದರೆ?

ಮೆಸೇಜ್ ಬರೆಯುವಾಗಲೇ ಇದಕ್ಕೂ ಉತ್ತರ ಇಟ್ಟುಬಿಡಬೇಕು. ಒಂದು ಮೆಸೇಜಿನಲ್ಲಿ ಎರಡು ಸಂಗತಿ ಇರುತ್ತವೆ: ಹಳೆಯ ಕ್ಲಾಸ್ ಏನಾಗುತ್ತದೆ, ಹೊಸದು ಯಾವಾಗ. ಇವೆರಡನ್ನೂ ಬೇರೆ ಬೇರೆ ವಾಕ್ಯದಲ್ಲಿ ಹೇಳಿ.

ಹಳೆಯ ಹೊತ್ತಿಗೆ ಮಗು ಮನೆಯಲ್ಲಿರುವುದೇ ಇಲ್ಲ ಎಂದಾದರೆ ಅದು ವಿನಂತಿಯಲ್ಲ, ತಿಳಿಸುವಿಕೆ. "ಬುಧವಾರ ಬರಬೇಡಿ ಸರ್" ಎಂದು ನೇರವಾಗಿ ಹೇಳಿ. ಉತ್ತರ ಬರಲಿ, ಬರದಿರಲಿ, ಅವತ್ತು ಟೀಚರ್ ಬೀಗ ಹಾಕಿದ ಮನೆ ಮುಂದೆ ನಿಲ್ಲುವಂತಾಗಬಾರದು. ಬೇಕಾದರೆ ಬದಲಾಯಿಸಿಕೊಳ್ಳೋಣ, ಇಲ್ಲದಿದ್ದರೂ ನಡೆಯುತ್ತದೆ ಎಂಬಂತಿದ್ದರೆ ಹೀಗೆ ಬರೆಯಿರಿ: "ಶನಿವಾರ 4ಕ್ಕೆ ಆದರೆ ನಮಗೆ ಅನುಕೂಲ. ಆಗದಿದ್ದರೆ ಬುಧವಾರ 6ಕ್ಕೇ ಇರಲಿ ಸರ್, ಅವಳು ಮನೆಯಲ್ಲಿರುತ್ತಾಳೆ." ಆಗ ಉತ್ತರ ಬರದಿದ್ದರೂ ಬುಧವಾರದ ಕ್ಲಾಸ್ ಇದೆ ಎಂದು ಇಬ್ಬರಿಗೂ ಗೊತ್ತು.

ನೀವು ಹೇಳಿದ ಗಡುವು ದಾಟಿದ ಮೇಲೆ ಅದೇ ಮೆಸೇಜನ್ನು ಮತ್ತೆ ಮತ್ತೆ ಕಳಿಸುವುದಕ್ಕಿಂತ ಒಂದು ಫೋನ್ ಮಾಡಿ. ರಾತ್ರಿ ಎಂಟೂವರೆಯಿಂದ ಒಂಬತ್ತರ ನಡುವೆ ಹೆಚ್ಚಿನ ಮನೆಪಾಠದವರು ಸಿಗುತ್ತಾರೆ. ಫೋನಿನಲ್ಲಿ ಒಪ್ಪಿದ್ದನ್ನು ಇಟ್ಟ ತಕ್ಷಣ ಒಂದು ಸಾಲಿನಲ್ಲಿ ಬರೆದು ಕಳಿಸಿಬಿಡಿ.

ಕ್ಲಾಸಿಗೆ ಇನ್ನು ಒಂದು ಗಂಟೆ ಇದೆ, ಈಗ ಗೊತ್ತಾಯಿತು. ಮೆಸೇಜ್ ಹಾಕಲೇ?

ಮೊದಲು ಫೋನ್ ಮಾಡಿ. ಎತ್ತದಿದ್ದರೆ ಗಾಡಿಯಲ್ಲಿರಬಹುದು ಅಥವಾ ಇನ್ನೊಂದು ಮನೆಯಲ್ಲಿ ಪಾಠದಲ್ಲಿರಬಹುದು. ಆಗ ಮೆಸೇಜ್ ಕಳಿಸಿ, ಆದರೆ ಹೊಸ ಸಮಯದ ಮಾತು ಎತ್ತಬೇಡಿ. "ಸರ್, ಇವತ್ತು ಬುಧವಾರ 6ರ ಕ್ಲಾಸ್ ಇಲ್ಲ, ಸಿಂಚನಾಗೆ ಜ್ವರ. ದಯವಿಟ್ಟು ಬರಬೇಡಿ. ಬದಲಿ ಸಮಯ ರಾತ್ರಿ ಕೇಳುತ್ತೇನೆ." ಪರದೆಯ ಮೇಲೆ ಸೂಚನೆಯಾಗಿ ಬರುವುದು ಮೊದಲ ಒಂದೆರಡು ಸಾಲು ಮಾತ್ರ. "ನಮಸ್ತೆ ಸರ್ ಹೇಗಿದೀರಾ ತೊಂದರೆ ಕೊಡ್ತಿರೋದಕ್ಕೆ" ಎನ್ನುವಷ್ಟರಲ್ಲಿ ಆ ಸಾಲು ಮುಗಿದುಹೋದರೆ, ಟೀಚರ್ ಅದನ್ನು ತೆರೆಯದೆ ನಿಮ್ಮ ಮನೆ ಕಡೆಗೇ ಗಾಡಿ ತಿರುಗಿಸುತ್ತಾರೆ.

ಧ್ವನಿ ಸಂದೇಶವಂತೂ ಇಂಥ ಹೊತ್ತಿಗೆ ಬೇಡವೇ ಬೇಡ. ಇನ್ನೊಬ್ಬರ ಮನೆಯಲ್ಲಿ ಕೂತಾಗ ಅದನ್ನು ಕೇಳಲು ಆಗುವುದಿಲ್ಲ. ಆಮೇಲೆ ತಾರೀಖು ಹುಡುಕಬೇಕೆಂದರೆ ಇಡೀ ಸಂದೇಶವನ್ನು ಮತ್ತೆ ಕೇಳಬೇಕು.

ಬದಲಿ ಕ್ಲಾಸಿನ ಫೀಸಿನ ವಿಷಯ ಅದೇ ಮೆಸೇಜಿನಲ್ಲಿ ಕೇಳಬಹುದೇ?

ಕೇಳಬೇಡಿ. ಸಮಯದ ಪ್ರಶ್ನೆಗೆ ಒಂದಂಕೆಯ ಉತ್ತರ ಸಾಕು, ಹಣದ ಪ್ರಶ್ನೆಗೆ ಯೋಚಿಸಿ ಉತ್ತರಿಸಬೇಕು. ಎರಡನ್ನೂ ಕೂಡಿಸಿದರೆ ಎರಡೂ ನಿಲ್ಲುತ್ತವೆ. ತಿಂಗಳಿಗೆ ಎಂಟು ಕ್ಲಾಸ್ ಎಂದು ಫೀಸ್ ಕೊಡುವವರಾದರೆ, ತಪ್ಪಿದ ಕ್ಲಾಸ್ ಅದೇ ತಿಂಗಳಲ್ಲಿ ಆಗಬೇಕೇ, ಮುಂದಿನ ತಿಂಗಳಿಗೆ ಸೇರುತ್ತದೆಯೇ, ಎಷ್ಟು ಹೊತ್ತು ಮೊದಲು ತಿಳಿಸಿದರೆ ಬದಲಿ ಸಿಗುತ್ತದೆ ಎನ್ನುವುದನ್ನೆಲ್ಲ ಪಾಠ ಶುರುವಾಗುವ ಮೊದಲೇ ಎದುರು ಕೂತು ಮಾತಾಡಿಕೊಳ್ಳುವುದು ಸರಿ.

ಈ ಒಂದು ವಾರಕ್ಕಲ್ಲ, ಇನ್ನು ಮೇಲೆ ಯಾವಾಗಲೂ ಸಮಯ ಬದಲಾಗಬೇಕು. ಅದನ್ನು ಹೇಗೆ ಕೇಳುವುದು?

ಯಾವತ್ತಿನಿಂದ ಎಂದು ಮೊದಲು, ಯಾವತ್ತಿನ ತನಕ ಎಂದು ಆಮೇಲೆ. "ಡಿಸೆಂಬರ್ 1 ಸೋಮವಾರದಿಂದ, ಪರೀಕ್ಷೆ ಮುಗಿಯುವ ತನಕ, ಸೋಮವಾರ ಮತ್ತು ಬುಧವಾರ ಸಂಜೆ 6ರ ಬದಲು 6.45ರಿಂದ 7.45 ಆಗುತ್ತದೆಯೇ ಸರ್? ಶಾಲೆಯಲ್ಲಿ ವಿಶೇಷ ತರಗತಿ ಶುರುವಾಗುತ್ತಿದೆ. ನವೆಂಬರ್ ಕೊನೆಯ ತನಕ 6ಕ್ಕೇ ಇರಲಿ." ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಅನೇಕ ಶಾಲೆಗಳಲ್ಲಿ ಸಂಜೆ ವಿಶೇಷ ತರಗತಿ ನಡೆಸುವುದರಿಂದ ಈ ಬಗೆಯ ಬದಲಾವಣೆ ಹೆಚ್ಚು. ಇದಕ್ಕೆ ತಕ್ಷಣ ಉತ್ತರ ಬಯಸಬೇಡಿ. ಟೀಚರ್ ಇನ್ನೊಂದು ಮನೆಯವರನ್ನು ಕೇಳಿ ಅವರ ಸಮಯ ಸರಿಸಬೇಕಾಗುತ್ತದೆ, ಒಂದು ವಾರವಾದರೂ ಕೊಡಿ.

ಮಕ್ಕಳೇ ನೇರವಾಗಿ ಮೆಸೇಜ್ ಹಾಕಬಹುದೇ?

ಹತ್ತನೇ ಕ್ಲಾಸಿನ ಮಕ್ಕಳು ಹಾಕಬಹುದು, ಕಲಿಯಲಿ. ಆದರೆ "ಅಮ್ಮನಿಗೆ ಗೊತ್ತು" ಎಂದೊಂದು ಮಾತು ಇರಬೇಕು. ಇಲ್ಲದಿದ್ದರೆ ನಾನಂತೂ ಮನೆಯವರಿಗೆ ಫೋನ್ ಮಾಡಿ ಕೇಳಿದ ಮೇಲೆಯೇ ಒಪ್ಪುವುದು.

ನಾವು ಹೊರದೇಶದಲ್ಲಿದ್ದೇವೆ. ಮೈಸೂರಿನ ಟೀಚರ್ ಆನ್‌ಲೈನ್‌ನಲ್ಲಿ ಮಗುವಿಗೆ ಪಾಠ ಮಾಡುತ್ತಾರೆ. ಯಾವ ಊರಿನ ಸಮಯ ಬರೆಯಬೇಕು?

ಭಾರತದ ಸಮಯವನ್ನು ಮೊದಲು ಬರೆಯಿರಿ, ನಿಮ್ಮ ಊರಿನದನ್ನು ಪಕ್ಕದಲ್ಲಿ. ಉತ್ತರ ಕೊಡಬೇಕಾದವರು ಟೀಚರ್, ಹಾಗಾಗಿ ಅವರ ಗಡಿಯಾರಕ್ಕೆ ಹೊಂದಬೇಕು. ದುಬೈನವರಿಗೆ ಇದು ಸುಲಭ. ಅಲ್ಲಿ ವರ್ಷವಿಡೀ ನಮಗಿಂತ ಒಂದೂವರೆ ಗಂಟೆ ಹಿಂದೆ, ಭಾರತದ 6 ಅಲ್ಲಿ 4.30.

ಅಮೆರಿಕದವರು ಎರಡು ಕಡೆ ಎಚ್ಚರವಾಗಿರಬೇಕು. ಒಂದು, ದಿನವೇ ಬೇರೆ. ನ್ಯೂಜೆರ್ಸಿಯಲ್ಲಿ ಶುಕ್ರವಾರ ರಾತ್ರಿ ನಡೆಯುವ ಕ್ಲಾಸ್ ಇಲ್ಲಿ ಶನಿವಾರ ಬೆಳಗಿನದು. ಎರಡು, ಅಲ್ಲಿ ಮಾರ್ಚಿನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ನವೆಂಬರಿನ ಮೊದಲ ಭಾನುವಾರ ಹಿಂದೆ ಬರುತ್ತದೆ. ಇಲ್ಲಿ ಶನಿವಾರ ಬೆಳಿಗ್ಗೆ 6.30 ಎಂದರೆ ಅಕ್ಟೋಬರಿನಲ್ಲಿ ಅಲ್ಲಿ ಶುಕ್ರವಾರ ರಾತ್ರಿ 9, ಡಿಸೆಂಬರಿನಲ್ಲಿ ರಾತ್ರಿ 8. ಆ ಭಾನುವಾರದ ಆಸುಪಾಸಿನಲ್ಲಿ ಕ್ಲಾಸ್ ಬದಲಾಯಿಸುವುದಾದರೆ ಹೀಗೆ ಬರೆಯಿರಿ: "ಭಾರತದಲ್ಲಿ ನವೆಂಬರ್ 8 ಶನಿವಾರ ಬೆಳಿಗ್ಗೆ 6.30ರಿಂದ 7.30, ನಮಗೆ ನವೆಂಬರ್ 7 ಶುಕ್ರವಾರ ರಾತ್ರಿ 8ರಿಂದ 9. ಆಗುತ್ತದೆಯೇ ಮೇಡಂ?" ಎರಡರಲ್ಲಿ ಒಂದರ ಲೆಕ್ಕ ತಪ್ಪಿದ್ದರೆ ಟೀಚರ್‌ಗೆ ಓದುವಾಗಲೇ ಗೊತ್ತಾಗುತ್ತದೆ.